ಟೇಪರ್ ಕಡೆತದಲ್ಲಿ ಟೈಲ್‌ಸ್ಟಾಕಿನ ಆಫ್‌ಸೆಟ್: ಒಂದು ಸಮೀಕ್ಷೆ

ಉದ್ದವಾದ ಉಕ್ಕಿನ ದಂಡವೊಂದನ್ನು ಲೇತಿನ ಎರಡು ಸೆಂಟರುಗಳ ನಡುವೆ ಹಿಡಿದು, ಅದರ ಒಂದು ತುದಿಯನ್ನು ಕ್ರಮಕ್ರಮವಾಗಿ ಕೃಶವಾಗುತ್ತ ಹೋಗುವಂತೆ ಕಡೆಯಬೇಕಾಗಿ ಬಂದಾಗ ಟರ್ನರನ ಮುಂದೆ ಹಲವು ಮಾರ್ಗಗಳು ತೆರೆದಿರುತ್ತವೆ. ಕಾಂಪೌಂಡ್ ಸ್ಲೈಡನ್ನು ಬೇಕಾದ ಕೋನಕ್ಕೆ ತಿರುಗಿಸಿ ಕೈಯಿಂದಲೇ ಟೂಲನ್ನು ನಡೆಸಬಹುದು. ಆದರೆ ಆ ಸ್ಲೈಡಿನ ಓಟವು ಅತ್ಯಲ್ಪವಾದುದರಿಂದ ಗೇಣುದ್ದದ ಟೇಪರಿಗೆ ಅದು ಸಾಲದು, ಕೈಫೀಡಿನ ಮೈಮೆರುಗೂ ಒಂದೇ ಸಮನಾಗಿ ಬರುವುದಿಲ್ಲ. ಟೇಪರ್ ಅಟ್ಯಾಚ್‌ಮೆಂಟ್ ಎಂಬ ಉಪಕರಣವಿದ್ದಲ್ಲಿ ಕೆಲಸವು ಸುಗಮ. ಆದರೆ ಅದು ಎಲ್ಲ ಲೇತುಗಳಿಗೂ ಇರುವುದಿಲ್ಲ. ಉಳಿದುದು ಮೂರನೆಯ ಮಾರ್ಗ: ಟೈಲ್‌ಸ್ಟಾಕನ್ನು ಅದರ ನೇರದಿಂದ ಪಕ್ಕಕ್ಕೆ ಸರಿಸಿ, ದಂಡವನ್ನೇ ಓರೆಯಾಗಿ ನಿಲ್ಲಿಸಿ, ಟೂಲನ್ನು ಎಂದಿನಂತೆ ಬೆಡ್ಡಿಗೆ ಸಮಾನಾಂತರವಾಗಿ ಪವರ್ ಫೀಡಿನಲ್ಲಿ ನಡೆಸುವುದು. ಬೇರೆ ಯಾವ ಉಪಕರಣವನ್ನೂ ಬೇಡದ ಈ ಪದ್ಧತಿಯು ಲೇತಿನಷ್ಟೇ ಸಾಮಾನ್ಯವಾದುದು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಾಗಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿಯ ಲೇತುಗಳಾಗಲಿ, ಟೈಲ್‌ಸ್ಟಾಕಿನ ಮೇಲ್ಭಾಗವು ತಳಭಾಗದ ಮೇಲೆ ಅಡ್ಡಲಾಗಿ ಸರಿಯುವ ಈ ವ್ಯವಸ್ಥೆಯೊಡನೆಯೇ ನಮ್ಮ ವರ್ಕ್‌ಶಾಪುಗಳಿಗೆ ಬಂದವು.

ಎಷ್ಟು ಸರಿಸಬೇಕು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಒಂದು ಸಾಲಿನ ಸೂತ್ರವನ್ನು ಕೊಟ್ಟು ಮುಂದಕ್ಕೆ ಹೋಗುತ್ತವೆ. ಸೂತ್ರವು ನಿರ್ದುಷ್ಟವಾದುದೇ, ಆದರೆ ಅದರಲ್ಲಿ ಉದ್ದವೆಂದು ಬರೆದಿರುವ ಅಕ್ಷರವು ಯಾವ ಉದ್ದವನ್ನು ಸೂಚಿಸುತ್ತದೆ, ಸರಿಸಿದ ಅಳತೆಯನ್ನು ಎಲ್ಲಿಂದ ಎಣಿಸಬೇಕು, ಎಣಿಸಿ ಸರಿಸಿದ ಮೇಲೆ ಬಂದ ಟೇಪರು ಬೇಕಾದುದೇ ಎಂದು ಹೇಗೆ ನಿಶ್ಚಯಿಸಬೇಕು ಎಂಬ ಮೂರು ಪ್ರಶ್ನೆಗಳು ಅದರ ಹಿಂದೆ ಅಡಗಿವೆ. ಟೇಪರು ಕೆಡುವುದು ಸಾಮಾನ್ಯವಾಗಿ ಗುಣಾಕಾರ ಭಾಗಾಕಾರಗಳಲ್ಲಿ ಅಲ್ಲ, ಈ ಮೂರರಲ್ಲಿ. ಆದುದರಿಂದ ಒಂದು ನಿರ್ದಿಷ್ಟ ಕೆಲಸವನ್ನು ಮುಂದಿಟ್ಟುಕೊಂಡು ಇವನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ಕೆಲಸ ಇದು: 300 ಮಿಲಿಮೀಟರ್ ಉದ್ದದ ಉಕ್ಕಿನ ದಂಡ, ಅದರ ಟೈಲ್‌ಸ್ಟಾಕ್ ಕಡೆಯ 120 ಮಿಲಿಮೀಟರ್ ಭಾಗವು ಟೇಪರಾಗಬೇಕು, ಆ ಭಾಗದ ದೊಡ್ಡ ವ್ಯಾಸ 40 ಮಿಲಿಮೀಟರ್, ತುದಿಯ ಸಣ್ಣ ವ್ಯಾಸ 34 ಮಿಲಿಮೀಟರ್. 120 ಮಿಲಿಮೀಟರ್ ಉದ್ದಕ್ಕೆ ವ್ಯಾಸದಲ್ಲಿ 6 ಮಿಲಿಮೀಟರ್ ಇಳಿಯುವುದರಿಂದ ಇದನ್ನು 20ಕ್ಕೆ 1ರ ಟೇಪರೆಂದು ಕರೆಯುತ್ತಾರೆ. ಅಡಿಗಿಷ್ಟು ಎಂದು ಎಣಿಸುವ ಹಳಬರ ಲೆಕ್ಕದಲ್ಲಿ ಅಡಿಗೆ 0.6 ಅಂಗುಲ. ಇಲ್ಲಿ ಮನಸ್ಸಿನಲ್ಲಿಡತಕ್ಕ ಅಂಶವೆಂದರೆ ಈ 20ಕ್ಕೆ 1 ಎಂಬುದು ವ್ಯಾಸದ ಇಳಿಕೆಯೇ ಹೊರತು ತ್ರಿಜ್ಯದ್ದಲ್ಲ. ದಂಡದ ಒಂದು ಮಗ್ಗುಲು ಅಕ್ಷದ ಕಡೆಗೆ ಬಾಗುವುದು ಅದರ ಅರ್ಧದಷ್ಟು, ಅಂದರೆ 40ಕ್ಕೆ 1. ಆಫ್‌ಸೆಟ್ಟನ್ನು ನಿರ್ಧರಿಸುವುದು ಈ ಅರ್ಧವೇ. ಇದನ್ನು ಮರೆತರೆ ಟೇಪರು ಬೇಕಾದುದಕ್ಕಿಂತ ಇಮ್ಮಡಿಯಾಗುತ್ತದೆ.

ಟೈಲ್‌ಸ್ಟಾಕನ್ನು ಸರಿಸಿದಾಗ ನಡೆಯುವುದೇನು? ಹೆಡ್‌ಸ್ಟಾಕಿನ ಸೆಂಟರು ತನ್ನ ಸ್ಥಾನದಲ್ಲೇ ಇರುತ್ತದೆ. ಇನ್ನೊಂದು ಸೆಂಟರು ಪಕ್ಕಕ್ಕೆ ಹೋಗುವುದರಿಂದ ಇಡೀ ದಂಡವು ಒಂದು ತುದಿಯನ್ನು ಆಧಾರವಾಗಿಟ್ಟುಕೊಂಡು ಓರೆಯಾಗುತ್ತದೆ. ಟೂಲಿನ ಹಾದಿಯು ಮಾತ್ರ ಬೆಡ್ಡಿಗೆ ಸಮಾನಾಂತರವಾಗಿಯೇ ಉಳಿಯುತ್ತದೆ. ದಂಡದ ಅಕ್ಷಕ್ಕೂ ಟೂಲಿನ ಹಾದಿಗೂ ಹೀಗೆ ಉಂಟಾಗುವ ಕೋನವೇ ಟೇಪರಿನ ಅರ್ಧಕೋನ. ದಂಡದ ಸಂಪೂರ್ಣ ಉದ್ದವೂ ಟೇಪರಾಗುವುದಿದ್ದಲ್ಲಿ 300 ಮಿಲಿಮೀಟರಿಗೆ ವ್ಯಾಸವು 15 ಮಿಲಿಮೀಟರ್ ಇಳಿಯುತ್ತಿದ್ದಿತು. ಅದರ ಅರ್ಧವಾದ 7.5 ಮಿಲಿಮೀಟರೇ ನಮಗೆ ಬೇಕಾದ ಆಫ್‌ಸೆಟ್. ಸೂತ್ರರೂಪದಲ್ಲಿ ಇದನ್ನೇ ಹೀಗೆ ಬರೆಯುತ್ತಾರೆ:

```
S = L × (D − d) ÷ (2 × l)
S = 300 × (40 − 34) ÷ (2 × 120) = 7.5
```

ಇದರಲ್ಲಿ S ಎಂಬುದು ಆಫ್‌ಸೆಟ್, L ಎಂಬುದು ದಂಡದ ಪೂರ್ಣ ಉದ್ದ, l ಎಂಬುದು ಟೇಪರಾಗುವ ಭಾಗದ ಉದ್ದ, D ಮತ್ತು d ಎಂಬುವು ದೊಡ್ಡ ಮತ್ತು ಸಣ್ಣ ವ್ಯಾಸಗಳು. ಟೇಪರಾಗುವುದು 120 ಮಿಲಿಮೀಟರ್ ಮಾತ್ರವಾದರೂ ಓರೆಯಾಗುವುದು 300 ಮಿಲಿಮೀಟರಿನ ಇಡೀ ದಂಡ ಎಂಬುದನ್ನು ಗಮನಿಸಬೇಕು. ವ್ಯಾಸಗಳ ವ್ಯತ್ಯಾಸದ ಅರ್ಧವೇ ಆಫ್‌ಸೆಟ್ಟೆಂದು ತಿಳಿದು 3 ಮಿಲಿಮೀಟರ್ ಮಾತ್ರ ಸರಿಸಿದವನಿಗೆ 120 ಮಿಲಿಮೀಟರಿನಲ್ಲಿ 6 ಮಿಲಿಮೀಟರಿನ ಬದಲು 2.4 ಮಿಲಿಮೀಟರಿನ ಇಳಿಕೆ ದೊರೆಯುತ್ತದೆ. ಹೊಸಬರಲ್ಲಿ ಕಾಣುವ ಅತ್ಯಂತ ಸಾಮಾನ್ಯವಾದ ದೋಷವಿದು. ಆದರೆ ಇದು ಮೊದಲನೆಯ ಕಡೆತದಲ್ಲೇ ಕಣ್ಣಿಗೆ ಬೀಳುವಷ್ಟು ದೊಡ್ಡದಾದುದರಿಂದ ಅಷ್ಟು ಅಪಾಯಕರವಲ್ಲ.

ಗಣಿತದಲ್ಲಿ ಆಸಕ್ತಿಯುಳ್ಳವರು ಈ ಸೂತ್ರದ ಮೇಲೆ ಒಂದು ಆಕ್ಷೇಪವನ್ನು ಎತ್ತುವುದುಂಟು. ದಂಡವು ಓರೆಯಾಗಿ ನಿಂತಾಗ ಅದರ ಉದ್ದವು ತ್ರಿಕೋನದ ಕರ್ಣವಾಗುತ್ತದೆ. ಆದುದರಿಂದ ಆಫ್‌ಸೆಟ್ಟನ್ನು ಅರ್ಧಕೋನದ ಸೈನಿನಿಂದ ಎಣಿಸಬೇಕೇ ಹೊರತು, ಮೇಲಿನ ಸೂತ್ರದಲ್ಲಿ ಅಡಗಿರುವ ಟ್ಯಾಂಜೆಂಟಿನಿಂದಲ್ಲ ಎಂಬುದು ಅವರ ವಾದ. ವಾದವು ಸರಿಯಾದುದೇ. ಆದರೆ ನಮ್ಮ ದಂಡದ ಅರ್ಧಕೋನವು ಒಂದೂವರೆ ಡಿಗ್ರಿಗೂ ಕಡಿಮೆ. ಸೈನಿನಿಂದ ಎಣಿಸಿದರೆ 7.5ರ ಬದಲು 7.498 ಬರುತ್ತದೆ. ಎರಡು ಮೈಕ್ರಾನಿನ ಈ ಅಂತರವನ್ನು ಯಾವ ಟೈಲ್‌ಸ್ಟಾಕಿನ ಸ್ಕ್ರೂವಿನಿಂದಲೂ ಹೊಂದಿಸಲಾಗದು. ಅರ್ಧಕೋನವು 8 ಡಿಗ್ರಿಯಾದಲ್ಲಿ ಇದೇ ಉದ್ದಕ್ಕೆ ಅಂತರವು 0.4 ಮಿಲಿಮೀಟರಿನಷ್ಟಾಗುತ್ತದೆ, ಆದರೆ ಆ ಕೋನಕ್ಕೆ 300 ಮಿಲಿಮೀಟರಿನ ದಂಡವನ್ನು ಓರೆಮಾಡಲು 40 ಮಿಲಿಮೀಟರಿಗೂ ಮೀರಿ ಸರಿಸಬೇಕು, ಸಾಮಾನ್ಯ ಲೇತಿನ ಟೈಲ್‌ಸ್ಟಾಕಿಗೆ ಅಷ್ಟು ಸರಿಯುವ ಅವಕಾಶವೇ ಇರುವುದಿಲ್ಲ. ಹೀಗೆ ಟ್ಯಾಂಜೆಂಟು ಸೈನುಗಳ ವಿವಾದವು ತತ್ತ್ವದಲ್ಲಿ ಸಾಧುವಾದರೂ, ಈ ಪದ್ಧತಿಗೆ ಸಲ್ಲುವ ಉದ್ದನೆಯ ಮಂದ ಟೇಪರುಗಳ ವಿಷಯದಲ್ಲಿ ಉಪೇಕ್ಷಿಸತಕ್ಕದ್ದು.

ಉಪೇಕ್ಷಿಸಲಾಗದ ಆಕ್ಷೇಪವು ಬೇರೊಂದಿದೆ. ಸೂತ್ರದ L ಎಂಬುದು ದಂಡದ ಒಂದು ಮುಖದಿಂದ ಇನ್ನೊಂದು ಮುಖದವರೆಗಿನ ಉದ್ದವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಸ್ಕೇಲು ಹಿಡಿದು ಅಳೆಯಲು ಬರುವುದೂ ಅದೇ. ಆದರೆ ದಂಡವನ್ನು ಸೆಂಟರುಗಳು ಹಿಡಿದಿರುವುದು ಅದರ ಮುಖದಲ್ಲಲ್ಲ, ಮುಖದೊಳಗೆ ಕೊರೆದ 60 ಡಿಗ್ರಿಯ ಕುಳಿಗಳಲ್ಲಿ. ದಂಡವು ಓರೆಯಾಗುವುದು ಆ ಕುಳಿಗಳೊಳಗಿನ ಆಧಾರಸ್ಥಾನಗಳನ್ನು ಅವಲಂಬಿಸಿ. ಆದುದರಿಂದ ಸೂತ್ರಕ್ಕೆ ಬೇಕಾದ ಉದ್ದವು ಆ ಎರಡು ಸ್ಥಾನಗಳ ನಡುವಣ ಅಂತರ. ಪ್ರತಿ ತುದಿಯಲ್ಲೂ ಆ ಸ್ಥಾನವು ಮುಖದಿಂದ 3 ಮಿಲಿಮೀಟರ್ ಒಳಗಿದೆಯೆಂದು ಇಟ್ಟುಕೊಳ್ಳೋಣ. ಆಗ ನಿಜವಾದ L 300 ಅಲ್ಲ, 294. ಬೇಕಾದ ಆಫ್‌ಸೆಟ್ 7.5 ಅಲ್ಲ, 7.35. ಇದನ್ನು ತಿಳಿಯದೆ 7.5 ಮಿಲಿಮೀಟರ್ ಸರಿಸಿದವನಿಗೆ 120 ಮಿಲಿಮೀಟರಿನಲ್ಲಿ 6 ಮಿಲಿಮೀಟರಿಗೆ ಬದಲಾಗಿ 6.12 ಮಿಲಿಮೀಟರಿನ ಇಳಿಕೆ ಬರುತ್ತದೆ. ಮೈಕ್ರೋಮೀಟರಿನಲ್ಲಿ ಕಾಣುವ, ಆದರೆ ಕಣ್ಣಿಗೆ ಕಾಣದ ದೋಷವಿದು. ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದವನನ್ನೂ ಬಿಡದ ದೋಷವಾದುದರಿಂದ ಹೆಚ್ಚು ವಿಚಾರಾರ್ಹವಾದುದು.

ಹಾಗಾದರೆ ಕುಳಿಯ ಆಳವನ್ನು ಅಳೆದು L ಅನ್ನು ತಿದ್ದಿಕೊಂಡರೆ ಸಾಲದೆ ಎಂದು ಕೇಳಬಹುದು. ಅರ್ಧಭಾಗ ಸಾಲುತ್ತದೆ. ದಂಡವು ನೇರವಾಗಿದ್ದಾಗ ಸೆಂಟರಿನ ಶಂಕುವು ಕುಳಿಯ ಶಂಕುವಿಗೆ ಸುತ್ತಲೂ ಸಮನಾಗಿ ಹೊಂದಿಕೊಂಡಿರುತ್ತದೆ. ದಂಡವು ಓರೆಯಾದೊಡನೆ ಆ ಹೊಂದಿಕೆಯು ತಪ್ಪಿ, ಕುಳಿಯ ಅಂಚಿನ ಹತ್ತಿರ ಒಂದೆಡೆ, ಆಳದಲ್ಲಿ ಇನ್ನೊಂದೆಡೆ ಎಂಬಂತೆ ಅಲ್ಲಲ್ಲಿ ಮಾತ್ರ ಸ್ಪರ್ಶವು ಉಳಿಯುತ್ತದೆ. ಒತ್ತಡವೆಲ್ಲವೂ ಆ ಸಣ್ಣ ಜಾಗಗಳ ಮೇಲೆ ಬೀಳುವುದರಿಂದ ಕಡೆತವು ಸಾಗಿದಂತೆಲ್ಲ ಕುಳಿಯು ಸವೆದು ಬಾಯಗಲಿಸಿಕೊಳ್ಳುತ್ತದೆ, ಆಧಾರಸ್ಥಾನವೂ ಜರುಗುತ್ತದೆ. ಬೆಳಿಗ್ಗೆ ಹೊಂದಿಸಿದ ಟೇಪರು ಮಧ್ಯಾಹ್ನಕ್ಕೆ ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ಸರಿಯಾದ ಪರಿಹಾರವೆಂದರೆ ತುದಿಯಲ್ಲಿ ಗೋಳವುಳ್ಳ ಬಾಲ್ ಸೆಂಟರುಗಳನ್ನು ಬಳಸುವುದು, ಅಥವಾ ಕುಳಿಯನ್ನೇ ಬಾಗಿದ ಪಾರ್ಶ್ವಗಳುಳ್ಳ ಆರ್ ಮಾದರಿಯ ಸೆಂಟರ್ ಡ್ರಿಲ್ಲಿನಿಂದ ಕೊರೆಯುವುದು. ಗೋಳವು ಕುಳಿಯಲ್ಲಿ ಯಾವ ಕಡೆಗೆ ತಿರುಗಿದರೂ ಸುತ್ತಲೂ ಸಮನಾಗಿ ಕುಳಿತಿರುತ್ತದೆ. ಆಗ L ಎಂಬುದು ಎರಡು ಗೋಳಗಳ ಕೇಂದ್ರಗಳ ನಡುವಣ ಅಂತರವೆಂದು ಯಾವ ಸಂದೇಹವೂ ಇಲ್ಲದೆ ಹೇಳಬಹುದು. ಬಾಲ್ ಸೆಂಟರು ದೊರೆಯದಿದ್ದಲ್ಲಿ, ದಂಡದ ನೇರಭಾಗಗಳನ್ನೆಲ್ಲ ಟೈಲ್‌ಸ್ಟಾಕ್ ನೇರದಲ್ಲಿರುವಾಗಲೇ ಕಡೆದು ಮುಗಿಸಿ, ಓರೆಯ ಕಡೆತವನ್ನು ಕೊನೆಗೆ ಇಟ್ಟುಕೊಂಡು, ಡೆಡ್ ಸೆಂಟರಿಗೆ ಧಾರಾಳವಾಗಿ ಗ್ರೀಸು ಹಚ್ಚಿ, ಕಡೆತದ ಬಿಸಿಯಿಂದ ದಂಡವು ಹಿಗ್ಗಿ ಸೆಂಟರು ಬಿಗಿಯಾದಾಗಲೆಲ್ಲ ಸಡಿಲಿಸಿ ಮತ್ತೆ ಹೊಂದಿಸಿ ಸವೆತವನ್ನು ತಡೆಯಬೇಕು.

ಈಗ ಎರಡನೆಯ ಪ್ರಶ್ನೆಗೆ ಬರೋಣ: ಸರಿಸಿದ ಅಳತೆಯನ್ನು ಎಲ್ಲಿಂದ, ಯಾವುದರಿಂದ ಎಣಿಸಬೇಕು? ಎಣಿಕೆಯು ಶೂನ್ಯದಿಂದ ಆರಂಭವಾಗಬೇಕಾದುದರಿಂದ ಟೈಲ್‌ಸ್ಟಾಕ್ ಮೊದಲು ನಿಜವಾದ ಶೂನ್ಯದಲ್ಲಿರಬೇಕು. ತಳದ ಹಿಂಬದಿಯಲ್ಲಿ ಕೊರೆದಿರುವ ಎರಡು ಗೆರೆಗಳು ಕೂಡಿದ ಮಾತ್ರಕ್ಕೆ ಎರಡು ಸೆಂಟರುಗಳು ಒಂದೇ ನೇರದಲ್ಲಿವೆ ಎಂದು ನಂಬಲಾಗದು. ದಂಡವನ್ನು ಸೆಂಟರುಗಳ ನಡುವೆ ಹಿಡಿದು, ಟೂಲಿನ ಆಳವನ್ನು ಬದಲಿಸದೆ ಎರಡೂ ಕಡೆ ಒಂದೊಂದು ಕಿರಿದಾದ ಪಟ್ಟಿಯನ್ನು ಕಡೆದು, ಎರಡರ ವ್ಯಾಸಗಳೂ ಮೈಕ್ರೋಮೀಟರಿನಲ್ಲಿ ಒಂದೇ ಆಗುವವರೆಗೆ ಟೈಲ್‌ಸ್ಟಾಕನ್ನು ತಿದ್ದುವುದೇ ಶೂನ್ಯವನ್ನು ಕಾಣುವ ನಂಬಿಕೆಯ ಕ್ರಮ. ಶೂನ್ಯದಲ್ಲೇ 0.05 ಮಿಲಿಮೀಟರಿನ ತಪ್ಪು ಉಳಿದಿದ್ದರೆ ನಮ್ಮ 120 ಮಿಲಿಮೀಟರಿನ ಟೇಪರಿನಲ್ಲಿ ಅದು ವ್ಯಾಸದ ಮೇಲೆ 0.04 ಮಿಲಿಮೀಟರಾಗಿ ಬಂದು ಕೂಡುತ್ತದೆ.

ಶೂನ್ಯವು ದೊರೆತ ಮೇಲೆ ಸರಿಸುವ ದಿಕ್ಕನ್ನು ಗೊತ್ತುಮಾಡಿಕೊಳ್ಳಬೇಕು. ಟೈಲ್‌ಸ್ಟಾಕನ್ನು ಕೆಲಸಗಾರನ ಕಡೆಗೆ ಎಳೆದರೆ ಟೈಲ್‌ಸ್ಟಾಕಿನ ತುದಿಯು ಸಣ್ಣಗಾಗುತ್ತದೆ. ಆಚೆಗೆ ತಳ್ಳಿದರೆ ಆ ತುದಿಯು ದಪ್ಪವಾಗಿ ಹೆಡ್‌ಸ್ಟಾಕಿನ ಕಡೆಯು ಸಣ್ಣಗಾಗುತ್ತದೆ. ನಮ್ಮ ಕೆಲಸದಲ್ಲಿ ಸಣ್ಣ ತುದಿಯು ಟೈಲ್‌ಸ್ಟಾಕಿನ ಕಡೆಗಿರುವುದರಿಂದ ನಮ್ಮ ಕಡೆಗೇ ಎಳೆಯಬೇಕು. ಟೈಲ್‌ಸ್ಟಾಕನ್ನು ಬೆಡ್ಡಿಗೆ ಬಿಗಿದ ನಟ್ಟನ್ನು ಸಡಿಲಿಸಿ, ಒಂದು ಬದಿಯ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಬದಿಯದನ್ನು ಒತ್ತಿದರೆ ಮೇಲ್ಭಾಗವು ಸರಿಯುತ್ತದೆ. ಮುಖ್ಯ ನಟ್ಟನ್ನು ಪುನಃ ಬಿಗಿದಾಗ ಮೇಲ್ಭಾಗವು ಕೂದಲೆಳೆಯಷ್ಟು ಜರುಗುವುದುಂಟು. ಆದುದರಿಂದ ಕೊನೆಯ ಓದನ್ನು ಬಿಗಿದ ಮೇಲೆಯೇ ಓದತಕ್ಕದ್ದು.

ಓದುವ ಸಾಧನಗಳಲ್ಲಿ ತಾರತಮ್ಯವಿದೆ. ತಳದ ಗೆರೆಗಳನ್ನು ಸ್ಕೇಲಿನಿಂದ ನೋಡುವುದು ಅಥವಾ ಎರಡು ಸೆಂಟರುಗಳ ಮೊನೆಗಳನ್ನು ಹತ್ತಿರ ತಂದು ಅವುಗಳ ಅಂತರವನ್ನು ಸ್ಕೇಲಿನಿಂದ ಅಳೆಯುವುದು ಒರಟಾದ ಕೆಲಸಕ್ಕೆ ಮಾತ್ರ ಸಾಕು. ಕಣ್ಣಿನ ಅಂದಾಜು ಕಾಲು ಮಿಲಿಮೀಟರಿನಷ್ಟು ತಪ್ಪಿದರೂ ನಮ್ಮ ಟೇಪರಿನಲ್ಲಿ 0.2 ಮಿಲಿಮೀಟರಿನ ವ್ಯತ್ಯಾಸ ಬರುತ್ತದೆ. ಅದಕ್ಕಿಂತ ಮೇಲಾದುದು ಕ್ರಾಸ್ ಸ್ಲೈಡಿನ ಡಯಲನ್ನೇ ಅಳತೆಗೋಲಾಗಿ ಬಳಸುವುದು. ಟೂಲ್‌ಪೋಸ್ಟಿನಲ್ಲಿ ಮೊಂಡಾದ ಸರಳೊಂದನ್ನು ಹಿಡಿದು, ಟೈಲ್‌ಸ್ಟಾಕಿನ ಸ್ಪಿಂಡಲ್ಲಿಗೂ ಅದಕ್ಕೂ ನಡುವೆ ಒಂದು ಕಾಗದದ ಚೂರನ್ನು ಇಟ್ಟು, ಕಾಗದವು ಎಳೆದಾಗ ತಡೆಯುವಷ್ಟು ಮುಂದಕ್ಕೆ ತಂದು ಡಯಲನ್ನು ಓದಿಕೊಳ್ಳುವುದು. ಆಮೇಲೆ ಸ್ಲೈಡನ್ನು 7.5 ಮಿಲಿಮೀಟರಿಗಿಂತ ಹೆಚ್ಚಾಗಿ ಹಿಂದಕ್ಕೆ ಎಳೆದು, ಸ್ಕ್ರೂವಿನ ಹುಸಿಯಾಟವು ಲೆಕ್ಕಕ್ಕೆ ಸೇರದಂತೆ ಮತ್ತೆ ಮುಂದಕ್ಕೇ ತಂದು ಬೇಕಾದ ಓದಿಗೆ ನಿಲ್ಲಿಸಿ, ಕಾಗದವು ಮೊದಲಿನಂತೆಯೇ ತಡೆಯುವವರೆಗೆ ಟೈಲ್‌ಸ್ಟಾಕನ್ನು ಸರಿಸುವುದು. ಎರಡು ಸಲವೂ ಅದೇ ಕಾಗದವಿರುವುದರಿಂದ ಅದರ ದಪ್ಪವು ಲೆಕ್ಕದಿಂದ ಹೊರಬೀಳುತ್ತದೆ. ಕೆಲವು ಲೇತುಗಳ ಡಯಲು ಸ್ಲೈಡಿನ ನಡೆಯನ್ನು ತೋರಿಸಿದರೆ ಮತ್ತೆ ಕೆಲವುಗಳದು ವ್ಯಾಸದ ಇಳಿಕೆಯನ್ನು ತೋರಿಸುತ್ತದೆ. ಎರಡನೆಯ ಬಗೆಯದಾದರೆ 7.5ರ ಬದಲು 15 ಎಂದು ಓದಬೇಕು. ಇದಕ್ಕೂ ಮೇಲಾದುದು ಡಯಲ್ ಗೇಜ್. ಅದರ ಕಡ್ಡಿಯನ್ನು ಸೆಂಟರಿನ ಎತ್ತರದಲ್ಲಿ, ಸ್ಪಿಂಡಲ್ಲಿಗೆ ಲಂಬವಾಗಿ ತಾಗಿಸಿ ಸೊನ್ನೆಗೆ ತಂದು ಸರಿಸಿದರೆ ಶತಾಂಶ ಮಿಲಿಮೀಟರಿನವರೆಗೆ ಓದು ದೊರೆಯುತ್ತದೆ. ಆ ಗೇಜಿನ ಓಟವು 10 ಮಿಲಿಮೀಟರಿನದಾಗಿರಬೇಕು. ಒಂದು ಮಿಲಿಮೀಟರಿಗೂ ಕಡಿಮೆ ಓಟವಿರುವ ಲಿವರ್ ಗೇಜು ಇಲ್ಲಿಗೆ ಸಲ್ಲದು.

ಇಷ್ಟಾದರೂ, ಡಯಲ್ ಗೇಜಿನಿಂದ ಅಳೆದ 7.50 ಮಿಲಿಮೀಟರಿನ ಶುದ್ಧಿಯು L ನಲ್ಲಿರುವ ಅನಿಶ್ಚಯವನ್ನು ಕಿಂಚಿತ್ತೂ ನಿವಾರಿಸುವುದಿಲ್ಲ. ತಪ್ಪಾದ ಅಳತೆಯನ್ನು ಅತ್ಯಂತ ನಿಖರವಾಗಿ ಹೊಂದಿಸಿದಂತಾಗುತ್ತದೆ, ಅಷ್ಟೆ. ಆದುದರಿಂದ ಅನುಭವಿಗಳು ಇನ್ನೊಂದು ಕ್ರಮವನ್ನು ಅನುಸರಿಸುತ್ತಾರೆ. ಈ ಸಮೀಕ್ಷೆಯಲ್ಲಿ ಅತ್ಯಂತ ಶ್ರೇಷ್ಠವೆಂದು ನಾನು ಎಣಿಸುವುದೂ ಅದನ್ನೇ. ಡಯಲ್ ಗೇಜನ್ನು ಟೈಲ್‌ಸ್ಟಾಕಿಗೆ ತಾಗಿಸುವ ಬದಲು ಟೂಲ್‌ಪೋಸ್ಟಿನಲ್ಲಿ ಕಟ್ಟಿ, ದಂಡದ ಮೈಗೇ ತಾಗಿಸುವುದು. ನಮ್ಮ ದಂಡದ 120 ಮಿಲಿಮೀಟರ್ ಭಾಗವನ್ನು ಟೈಲ್‌ಸ್ಟಾಕ್ ನೇರದಲ್ಲಿರುವಾಗಲೇ 41 ಮಿಲಿಮೀಟರಿಗೆ ಸಮಾನಾಂತರವಾಗಿ ಕಡೆದಿದ್ದೇವೆ. ಗೇಜನ್ನು ಅದರ ಮಗ್ಗುಲಿಗೆ ಸೆಂಟರಿನ ಎತ್ತರದಲ್ಲಿ ತಾಗಿಸಿ ಸ್ಯಾಡಲನ್ನು ನಡೆಸಿದರೆ ಮುಳ್ಳು ಅಲುಗುವುದಿಲ್ಲ. ಶೂನ್ಯಕ್ಕೆ ಇದೇ ಸಾಕ್ಷಿ. ಈಗ ಟೈಲ್‌ಸ್ಟಾಕನ್ನು ಲೆಕ್ಕದಂತೆ ಸರಿಸಿ ಮತ್ತೆ ಸ್ಯಾಡಲನ್ನು ನಡೆಸಿದರೆ, ಒಂದು ಮಗ್ಗುಲಿನ ಓರೆಯು 40ಕ್ಕೆ 1 ಆಗಿರಬೇಕಾದುದರಿಂದ, 100 ಮಿಲಿಮೀಟರಿನ ನಡಿಗೆಗೆ ಮುಳ್ಳು ಸರಿಯಾಗಿ 2.50 ಮಿಲಿಮೀಟರ್ ಓಡಬೇಕು. 2.55 ಓಡಿದರೆ ಆಫ್‌ಸೆಟ್ ಹೆಚ್ಚಾಗಿದೆ, ತುಸು ಹಿಂದಕ್ಕೆ ಸರಿಸಬೇಕು, 2.45 ಓಡಿದರೆ ಇನ್ನಷ್ಟು ಎಳೆಯಬೇಕು. ಇಲ್ಲಿ ದಂಡದ ಪೂರ್ಣ ಉದ್ದವಾಗಲಿ, ಕುಳಿಯ ಆಳವಾಗಲಿ, ಆಧಾರಸ್ಥಾನದ ಸಂದೇಹವಾಗಲಿ ಲೆಕ್ಕಕ್ಕೇ ಬರುವುದಿಲ್ಲ. ಟೂಲು ನಡೆಯುವ ಹಾದಿಯನ್ನೂ ದಂಡದ ಓರೆಯನ್ನೂ ನೇರವಾಗಿ ಹೋಲಿಸಿ ನೋಡಿದಂತಾಗುತ್ತದೆ.

ಈ ಕ್ರಮದಲ್ಲಿ ಎಚ್ಚರವಹಿಸಬೇಕಾದುದು ಸ್ಯಾಡಲಿನ 100 ಮಿಲಿಮೀಟರಿನ ವಿಷಯದಲ್ಲಿ. ಅದನ್ನು ಅಂದಾಜಿನಿಂದ ನಡೆಸಿ ಅರ್ಧ ಮಿಲಿಮೀಟರ್ ತಪ್ಪಿದರೆ ಮುಳ್ಳಿನ ಓದು 0.0125 ಮಿಲಿಮೀಟರ್ ತಪ್ಪುತ್ತದೆ, 120 ಮಿಲಿಮೀಟರಿನ ಟೇಪರಿನಲ್ಲಿ ವ್ಯಾಸದ ಮೇಲೆ ಅದು 0.03 ಮಿಲಿಮೀಟರಾಗುತ್ತದೆ. ಬೆಡ್ಡಿನ ಮೇಲೆ ಸ್ಟಾಪೊಂದನ್ನು ಕಟ್ಟಿ, ಅದಕ್ಕೂ ಸ್ಯಾಡಲಿಗೂ ನಡುವೆ 100 ಮಿಲಿಮೀಟರಿನ ಅಳತೆಯ ತುಂಡನ್ನು ಇಟ್ಟು ತೆಗೆದರೆ ಈ ತಪ್ಪು ನಿವಾರಣೆಯಾಗುತ್ತದೆ. ಈಗಾಗಲೇ ಸರಿಯಾದ ಟೇಪರುಳ್ಳ ಹಳೆಯ ಭಾಗವೊಂದು ಎರಡು ಕಡೆಯ ಕುಳಿಗಳೊಡನೆ ಕೈಯಲ್ಲಿದ್ದರಂತೂ ಕೆಲಸವು ಇನ್ನೂ ಸರಳ: ಅದನ್ನೇ ಸೆಂಟರುಗಳ ನಡುವೆ ಹಿಡಿದು, ಅದರ ಟೇಪರ್ ಮೈಯುದ್ದಕ್ಕೂ ಗೇಜನ್ನು ಓಡಿಸಿದಾಗ ಮುಳ್ಳು ಅಲುಗದಂತೆ ಟೈಲ್‌ಸ್ಟಾಕನ್ನು ಹೊಂದಿಸಬೇಕು. ಆದರೆ ಹಳೆಯ ಭಾಗದ ಉದ್ದವೂ ಕುಳಿಗಳೂ ಹೊಸ ದಂಡದವುಗಳಂತೆಯೇ ಇದ್ದರೆ ಮಾತ್ರ ಆ ಹೊಂದಿಕೆಯು ಹೊಸದಕ್ಕೆ ಸಲ್ಲುತ್ತದೆ.

ಇನ್ನು ಮೂರನೆಯ ಪ್ರಶ್ನೆ: ಬಂದ ಟೇಪರು ಬೇಕಾದುದೇ ಎಂಬ ನಿಶ್ಚಯ. ಯಾವ ಹೊಂದಿಕೆಯೂ ಕಡೆತದ ಒತ್ತಡವನ್ನು ಒಳಗೊಂಡಿರುವುದಿಲ್ಲವಾದುದರಿಂದ ಕೊನೆಯ ತೀರ್ಪು ಕಡೆದ ಮೈಯದ್ದೇ. ದಂಡವು ಕೊನೆಯ ಅಳತೆಗಿಂತ ಮುಕ್ಕಾಲು ಮಿಲಿಮೀಟರ್ ದಪ್ಪವಾಗಿರುವಾಗಲೇ ನಿಲ್ಲಿಸಿ, ಟೇಪರಿನ ಮೇಲೆ ನಿಖರವಾಗಿ 100 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆಗಳನ್ನು ಎಳೆದು, ಎರಡೂ ಕಡೆ ಮೈಕ್ರೋಮೀಟರಿನಿಂದ ವ್ಯಾಸವನ್ನು ಅಳೆಯಬೇಕು. ಮೈಕ್ರೋಮೀಟರಿನ ಚಪ್ಪಟೆ ಮುಖಗಳು ಓರೆಯಾದ ಮೈಯನ್ನು ತಮ್ಮ ಒಂದು ಅಂಚಿನಿಂದ ಮಾತ್ರ ಮುಟ್ಟುತ್ತವೆ, ಅದೂ ದೊಡ್ಡ ವ್ಯಾಸದ ಕಡೆಯ ಅಂಚಿನಿಂದ. ಮುಖದ ವ್ಯಾಸವು 6.5 ಮಿಲಿಮೀಟರಾಗಿದ್ದರೆ ಓದು ಗೆರೆಯ ಮೇಲಿನ ನಿಜ ವ್ಯಾಸಕ್ಕಿಂತ 0.16 ಮಿಲಿಮೀಟರಿನಷ್ಟು ಹೆಚ್ಚಾಗಿರುತ್ತದೆ. ಆದರೆ ಎರಡು ಕಡೆಯೂ ಮುಖದ ಮಧ್ಯವು ಗೆರೆಯ ಮೇಲೆ ಬರುವಂತೆ ಹಿಡಿದರೆ ಎರಡು ಓದುಗಳಲ್ಲೂ ಈ ಹೆಚ್ಚಳವು ಸಮಾನವಾದುದರಿಂದ ಅವುಗಳ ವ್ಯತ್ಯಾಸವು ಸರಿಯಾಗಿಯೇ ಉಳಿಯುತ್ತದೆ. ಟೇಪರನ್ನು ನಿರ್ಣಯಿಸಲು ನಮಗೆ ಬೇಕಾದುದು ಆ ವ್ಯತ್ಯಾಸವೇ.

ಮುಖಗಳ ನಡುವಣ ಉದ್ದವನ್ನೇ L ಎಂದು ತಿಳಿದು 7.5 ಮಿಲಿಮೀಟರ್ ಸರಿಸಿದ್ದೆವೆಂದು ಇಟ್ಟುಕೊಂಡರೆ, 100 ಮಿಲಿಮೀಟರಿಗೆ ಬರಬೇಕಾದ ವ್ಯತ್ಯಾಸವು 5.00, ಮೈಕ್ರೋಮೀಟರು ತೋರಿಸುವುದು 5.10. ಇಲ್ಲಿ ಸೂತ್ರವನ್ನು ಮತ್ತೆ ಮೊದಲಿಂದ ಲೆಕ್ಕಹಾಕಬೇಕಾಗಿಲ್ಲ. ಇಳಿಕೆಯು ಆಫ್‌ಸೆಟ್ಟಿಗೆ ಅನುಪಾತದಲ್ಲಿರುವುದರಿಂದ, ಹೆಚ್ಚಾದ 0.10 ಮಿಲಿಮೀಟರನ್ನು ದಂಡದ ಉದ್ದದಿಂದ ಗುಣಿಸಿ, ಗೆರೆಗಳ ಅಂತರದ ಇಮ್ಮಡಿಯಿಂದ ಭಾಗಿಸಿದರೆ ತಿದ್ದಬೇಕಾದ ಅಳತೆ ದೊರೆಯುತ್ತದೆ, 300ನ್ನು 0.10ರಿಂದ ಗುಣಿಸಿ 200ರಿಂದ ಭಾಗಿಸಿದರೆ 0.15. ಟೈಲ್‌ಸ್ಟಾಕನ್ನು 0.15 ಮಿಲಿಮೀಟರ್ ಹಿಂದಕ್ಕೆ ಸರಿಸಿದಾಗ ಅದು 7.35ಕ್ಕೆ ಬಂದು ನಿಲ್ಲುತ್ತದೆ. 294 ಮಿಲಿಮೀಟರಿನ ನಿಜವಾದ ಉದ್ದವು ಕೇಳಿದ ಆಫ್‌ಸೆಟ್ಟೂ ಅದೇ. L ನಲ್ಲಿದ್ದ 6 ಮಿಲಿಮೀಟರಿನ ಸಂದೇಹವು ಈ ಸಣ್ಣ ತಿದ್ದುಪಡಿಯ ಲೆಕ್ಕದಲ್ಲಿ ಕೇವಲ 0.003 ಮಿಲಿಮೀಟರಿಗೆ ಇಳಿದುಬಿಡುತ್ತದೆ. ಮೊದಲ ಲೆಕ್ಕಕ್ಕೆ ತೊಡಕಾದ ಅಜ್ಞಾನವು ಎರಡನೆಯ ಲೆಕ್ಕಕ್ಕೆ ತೊಡಕಾಗದಿರುವುದೇ ಅಳೆದು ತಿದ್ದುವ ಕ್ರಮದ ದೊಡ್ಡ ಗುಣ.

ಟೇಪರು ಒಂದು ರಂಧ್ರದಲ್ಲಿ ಕುಳಿತುಕೊಳ್ಳಬೇಕಾದುದಾದರೆ ಕೊನೆಯ ಪರೀಕ್ಷೆಯು ರಿಂಗ್ ಗೇಜಿನದು. ದಂಡದ ಟೇಪರ್ ಮೈಯುದ್ದಕ್ಕೂ ಪ್ರಷಿಯನ್ ಬ್ಲೂವಿನ ಮೂರು ತೆಳುಗೆರೆಗಳನ್ನು ಎಳೆದು, ಗೇಜಿನೊಳಗೆ ತೂರಿಸಿ, ಕಾಲು ಸುತ್ತು ತಿರುಗಿಸಿ ಹೊರತೆಗೆದರೆ ನೀಲಿಯು ಎಲ್ಲಿ ಒರಸಿಹೋಗಿದೆ ಎಂಬುದು ಕಾಣುತ್ತದೆ. ದೊಡ್ಡ ತುದಿಯಲ್ಲಿ ಮಾತ್ರ ಒರಸಿದ್ದರೆ ಟೇಪರು ಹೆಚ್ಚಾಗಿದೆ, ಆಫ್‌ಸೆಟ್ ಕಡಿಮೆಯಾಗಬೇಕು. ಸಣ್ಣ ತುದಿಯಲ್ಲಿ ಮಾತ್ರ ಒರಸಿದ್ದರೆ ಇದಕ್ಕೆ ವಿಪರ್ಯಯ. ಎರಡು ತುದಿಗಳಲ್ಲಿ ಒರಸಿ ನಡುವೆ ನೀಲಿಯು ಹಾಗೆಯೇ ಉಳಿದಿದ್ದರೆ ದೋಷವು ಆಫ್‌ಸೆಟ್ಟಿನದಲ್ಲ. ಟೂಲಿನ ಮೊನೆಯು ಸೆಂಟರಿನ ಎತ್ತರದಲ್ಲಿಲ್ಲದೆ ಮೇಲೋ ಕೆಳಗೋ ಇದ್ದು, ಮೈಯು ನೇರವಾಗುವ ಬದಲು ಒಳಬಾಗಿದೆ ಎಂದು ತಿಳಿಯಬೇಕು.

ದಂಡವನ್ನು ತಿರುಗಿಸುವ ಡಾಗಿನ ವಿಷಯದಲ್ಲೂ ಒಂದು ಮಾತನ್ನು ಹೇಳಬೇಕಾಗಿದೆ. ದಂಡವು ಓರೆಯಾಗಿರುವುದರಿಂದ ಡಾಗಿನ ಬಾಲವು ಪ್ರತಿ ಸುತ್ತಿಗೊಮ್ಮೆ ಫೇಸ್‌ಪ್ಲೇಟಿನ ಸೀಳಿನಲ್ಲಿ ಒಳಕ್ಕೂ ಹೊರಕ್ಕೂ ಜಾರಬೇಕಾಗುತ್ತದೆ. ಬಾಲವು ಅಕ್ಷದಿಂದ 60 ಮಿಲಿಮೀಟರ್ ದೂರದಲ್ಲಿದ್ದರೆ ನಮ್ಮ ಓರೆಯಲ್ಲಿ ಆ ಜಾರುವಿಕೆಯು ಒಟ್ಟು 3 ಮಿಲಿಮೀಟರ್. ಬಾಲವು ಸೀಳಿನ ತಳಕ್ಕೆ ತಾಗುವಂತಿದ್ದರೆ ಅದು ದಂಡವನ್ನು ಸುತ್ತಿಗೊಮ್ಮೆ ಸೆಂಟರಿನಿಂದ ಎಬ್ಬಿಸುತ್ತದೆ. ಅಳತೆಯೆಲ್ಲ ಸರಿಯಿದ್ದೂ ಮೈಯು ಗುಂಡಗಾಗದೆ ಹೋಗುತ್ತದೆ. ಸೀಳಿನಲ್ಲಿ ಸಾಕಷ್ಟು ಬಿಡುವನ್ನು ಇಟ್ಟೋ, ನೇರ ಬಾಲದ ಡಾಗನ್ನು ಪಿನ್ನೊಂದರಿಂದ ನಡೆಸಿಯೋ ಇದನ್ನು ತಪ್ಪಿಸಬಹುದು.

ಒಂದೇ ಬಗೆಯ ಹಲವು ದಂಡಗಳನ್ನು ಸಾಲಾಗಿ ಕಡೆಯಬೇಕಾದಾಗ ಈ ಪದ್ಧತಿಯ ನಿಜವಾದ ಮಿತಿಯು ಹೊರಬೀಳುತ್ತದೆ. ಕಾಂಪೌಂಡ್ ಸ್ಲೈಡಿನಲ್ಲಾಗಲಿ ಟೇಪರ್ ಅಟ್ಯಾಚ್‌ಮೆಂಟಿನಲ್ಲಾಗಲಿ ಕೋನವು ಯಂತ್ರದಲ್ಲಿದೆ. ದಂಡದ ಉದ್ದವು ಹೆಚ್ಚುಕಡಿಮೆಯಾದರೂ ಟೇಪರು ಬದಲಾಗುವುದಿಲ್ಲ. ಟೈಲ್‌ಸ್ಟಾಕಿನ ಆಫ್‌ಸೆಟ್ಟಿನಲ್ಲಿ ಮಾತ್ರ ಕೋನವು ಯಂತ್ರಕ್ಕೂ ದಂಡಕ್ಕೂ ಹಂಚಿಹೋಗಿದೆ. 300 ಮಿಲಿಮೀಟರಿಗೆ ಹೊಂದಿಸಿದ ಟೈಲ್‌ಸ್ಟಾಕಿನಲ್ಲಿ 303 ಮಿಲಿಮೀಟರಿನ ದಂಡವನ್ನು ಹಿಡಿದರೆ ಟೇಪರು ಶೇಕಡಾ ಒಂದರಷ್ಟು ಕುಗ್ಗಿ, 120 ಮಿಲಿಮೀಟರಿನಲ್ಲಿ 0.06 ಮಿಲಿಮೀಟರಿನ ವ್ಯತ್ಯಾಸ ಬರುತ್ತದೆ. ಒಂದು ದಂಡದ ಕುಳಿಯು ಇನ್ನೊಂದಕ್ಕಿಂತ ಆಳವಾಗಿದ್ದರೂ ಫಲವು ಇದೇ ಬಗೆಯದು. ಆದುದರಿಂದ ಎಲ್ಲ ದಂಡಗಳ ಮುಖಗಳನ್ನೂ ಒಂದೇ ಉದ್ದಕ್ಕೆ ಫೇಸಿಂಗ್ ಮಾಡಿ, ಸ್ಟಾಪಿನ ಸಹಾಯದಿಂದ ಕುಳಿಗಳನ್ನೂ ಒಂದೇ ಆಳಕ್ಕೆ ಕೊರೆದ ಮೇಲೆಯೇ ಟೈಲ್‌ಸ್ಟಾಕಿಗೆ ಕೈಹಚ್ಚಬೇಕು. ರಂಧ್ರದೊಳಗಿನ ಟೇಪರು ಈ ಪದ್ಧತಿಗೆ ಒಗ್ಗುವುದಿಲ್ಲ, ಏಕೆಂದರೆ ದಂಡದ ಎರಡು ತುದಿಗಳೂ ಸೆಂಟರುಗಳಲ್ಲೇ ಇರಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಟೈಲ್‌ಸ್ಟಾಕನ್ನು ಮತ್ತೆ ಶೂನ್ಯಕ್ಕೆ ತರುವ ಶ್ರಮವೂ ಇದೆ. ಅದನ್ನು ಉಳಿಸಲು ಟೈಲ್‌ಸ್ಟಾಕಿನ ಸ್ಪಿಂಡಲ್ಲಿನಲ್ಲಿ ಬೋರಿಂಗ್ ಹೆಡ್ಡೊಂದನ್ನು ಹಾಕಿ, ಅದರಲ್ಲಿ ಸಣ್ಣ ಸೆಂಟರನ್ನು ಹಿಡಿದು, ಹೆಡ್ಡಿನ ಸ್ಕ್ರೂವಿನಿಂದಲೇ ಆಫ್‌ಸೆಟ್ಟನ್ನು ಪಡೆಯುವವರಿದ್ದಾರೆ. ಆ ಹೆಡ್ಡು ಸಮತಲದಲ್ಲಿಯೇ ಸರಿಯುವಂತೆ ನೋಡಿಕೊಂಡರೆ ಟೈಲ್‌ಸ್ಟಾಕ್ ತನ್ನ ನೇರವನ್ನು ಬಿಡಬೇಕಾಗಿಯೇ ಇಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿದು. ಉದ್ದನೆಯ, ಮಂದವಾದ, ಹೊರಮೈಯ ಟೇಪರಿಗೆ ಟೈಲ್‌ಸ್ಟಾಕಿನ ಆಫ್‌ಸೆಟ್ ಸಮರ್ಥವಾದ ಪದ್ಧತಿ. ಮೋಟಾದ, ಕಡಿದಾದ ಟೇಪರಿಗೆ ಅಲ್ಲ. ಸೂತ್ರವು ಟೈಲ್‌ಸ್ಟಾಕನ್ನು ಸರಿಯಾದ ಸ್ಥಾನದ ಸಮೀಪಕ್ಕೆ ತರುತ್ತದೆ. ದಂಡದ ಮೈಗೆ ತಾಗಿಸಿದ ಡಯಲ್ ಗೇಜು ಅದನ್ನು ಸ್ಥಾನಕ್ಕೆ ಸೇರಿಸುತ್ತದೆ. 100 ಮಿಲಿಮೀಟರ್ ಅಂತರದ ಎರಡು ವ್ಯಾಸಗಳು ಅದನ್ನು ಸ್ಥಿರಪಡಿಸುತ್ತವೆ. ಸೂತ್ರದ ಉತ್ತರವನ್ನೇ ಅಂತಿಮವೆಂದು ನಂಬಿ ಕೊನೆಯ ಕಡೆತಕ್ಕೆ ಹೋಗತಕ್ಕದ್ದಲ್ಲ. ತಿದ್ದಲು ಲೋಹವು ಉಳಿದಿರುವಾಗಲೇ ಅಳೆಯತಕ್ಕದ್ದು.